ಕೊನೆಯ ದಿನಾಂಕ ಎಂದರೆ ಯಾವುದರ ಕೊನೆಯ ದಿನಾಂಕ?

ಶಿವಮೊಗ್ಗದ ಸಿಹಿತಿಂಡಿ ಅಂಗಡಿಯೊಂದರಲ್ಲಿ ಹೊರದೇಶದ ಪಾರ್ಸೆಲ್‌ಗಳ ಆರ್ಡರ್ ಬರೆದುಕೊಳ್ಳುವುದು ಮತ್ತು ಹಬ್ಬದ ಪ್ರಕಟಣೆ ಸಿದ್ಧಪಡಿಸುವುದು ನನ್ನ ಕೆಲಸ. 2024ರ ದೀಪಾವಳಿಗೆ ನಾನು ಬರೆದು ಬೋರ್ಡಿಗೂ ವಾಟ್ಸ್‌ಆ್ಯಪ್ ಗುಂಪುಗಳಿಗೂ ಹಾಕಿದ ಪ್ರಕಟಣೆಯಲ್ಲಿ ಹೀಗಿತ್ತು: “ಅಮೆರಿಕಕ್ಕೆ ಸಿಹಿ ಕಳುಹಿಸಲು ಕೊನೆಯ ದಿನಾಂಕ ಅಕ್ಟೋಬರ್ 15. ತಲುಪಲು 7ರಿಂದ 10 ಕೆಲಸದ ದಿನಗಳು.” ಬರೆಯುವಾಗ ಇದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು 15ರ ಸಂಜೆ ಬಂದು, ನ್ಯೂಜೆರ್ಸಿಯಲ್ಲಿರುವ ಮಗಳಿಗೆಂದು ಎರಡು ಕಿಲೋ ತಿಂಡಿಗೆ ಹಣ ಕಟ್ಟಿ ಹೋದರು. ಅಡುಗೆಮನೆಯಲ್ಲಿ ಆ ತಿಂಡಿ ತಯಾರಾಗಲು ಎರಡು ದಿನ ಹಿಡಿಯಿತು. ಶುಕ್ರವಾರ 18ರಂದು ಕೊರಿಯರ್‌ನವರು ಬಾಕ್ಸ್ ಒಯ್ದರು. ಬೆಂಗಳೂರಿನ ಕೇಂದ್ರದಲ್ಲಿ ಅದು ಸ್ಕ್ಯಾನ್ ಆದದ್ದು ಸೋಮವಾರ 21ರಂದು. ಕೊರಿಯರ್‌ನವರ ಹತ್ತು ದಿನಗಳ ಲೆಕ್ಕ ಶುರುವಾಗುವುದು ಆ ಸ್ಕ್ಯಾನಿನ ಮರುದಿನದಿಂದ, ಅದರಲ್ಲಿ ಶನಿವಾರ, ಭಾನುವಾರ ಸೇರುವುದಿಲ್ಲ. ಹಾಗೆ ಎಣಿಸಿದರೆ ಹತ್ತನೆಯ ದಿನ ನವೆಂಬರ್ 4. ಬಾಕ್ಸ್ ಸರಿಯಾಗಿ ಅಂದೇ ತಲುಪಿತು. ಆದರೆ ಬಲಿಪಾಡ್ಯಮಿ ನವೆಂಬರ್ 2ಕ್ಕೇ ಮುಗಿದಿತ್ತು.

“ನೀವು ಹೇಳಿದ ತಾರೀಖಿಗೇ ದುಡ್ಡು ಕೊಟ್ಟಿದ್ದೇನಲ್ಲ ಮಾರಾಯ್ರೆ, ಇನ್ನೇನು ಮಾಡಬೇಕಿತ್ತು ನಾನು?” ಎಂದು ಅವರು ಫೋನಿನಲ್ಲಿ ಕೇಳಿದರು. ಅವರು ಮಾಡಬೇಕಾಗಿದ್ದುದು ಏನೂ ಇರಲಿಲ್ಲ. ಕೊರಿಯರ್‌ನವರೂ ಮಾತು ತಪ್ಪಿರಲಿಲ್ಲ. ನನ್ನ ಮನಸ್ಸಿನಲ್ಲಿ 15 ಎಂದರೆ ಬಾಕ್ಸ್ ಶಿವಮೊಗ್ಗ ಬಿಡುವ ದಿನ; ಓದಿದವರಿಗೆ ಅದು ಹಣ ಕಟ್ಟುವ ದಿನ. ಹತ್ತು ದಿನವನ್ನು ಅವರು ಹಣ ಕಟ್ಟಿದಂದಿನಿಂದ ಎಣಿಸಿದ್ದರು. ಒಂದೇ ದಿನಾಂಕ ಮೂರು ಕೆಲಸಗಳಿಗೆ ನಿಂತಿತ್ತು, ಯಾವ ಕೆಲಸಕ್ಕೆ ಎಂದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

ಆದ್ದರಿಂದ 2025ರಲ್ಲಿ ನಾನು ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿದೆ. ಮೊದಲು ತೀರ್ಮಾನವಾಗಬೇಕಾದದ್ದು ಯಾವ ದಿನವನ್ನು ಹಬ್ಬವೆಂದು ಹಿಡಿಯಬೇಕು ಎಂಬುದು. ಮಲೆನಾಡಿನ ಮನೆಗಳಲ್ಲಿ ದೊಡ್ಡ ಹಬ್ಬವೆಂದರೆ ಗೋಪೂಜೆಯ ಬಲಿಪಾಡ್ಯಮಿ, ಅದು ಅಕ್ಟೋಬರ್ 22ಕ್ಕೆ ಬಂದಿತ್ತು. ಆದರೆ ನರಕ ಚತುರ್ದಶಿ ಸೋಮವಾರ 20ರಂದೇ ಇದ್ದುದರಿಂದ, ಅದರ ಹಿಂದಿನ ಶುಕ್ರವಾರ, ಅಂದರೆ 17ನ್ನು ತಲುಪಬೇಕಾದ ದಿನವೆಂದು ಇಟ್ಟುಕೊಂಡೆ. ಅಲ್ಲಿಂದ ಹತ್ತು ಕೆಲಸದ ದಿನ ಹಿಂದೆ ಹೋಗುವಾಗ ಅಕ್ಟೋಬರ್ 13ರ ಸೋಮವಾರ ಅಮೆರಿಕದಲ್ಲಿ ಕೊಲಂಬಸ್ ದಿನದ ರಜೆ ಎಂಬುದು ಕಂಡಿತು. ಖಾಸಗಿ ಕೊರಿಯರ್‌ಗಳು ಆ ದಿನ ಕೆಲಸ ಮಾಡಬಹುದು, ಆದರೂ ಅದನ್ನು ಲೆಕ್ಕದಿಂದ ಬಿಟ್ಟೆ. ಆಗ ಮೊದಲನೆಯ ದಿನ ಅಕ್ಟೋಬರ್ 3 ಎಂದಾಯಿತು, ಸ್ಕ್ಯಾನ್ ಅದಕ್ಕೂ ಮುಂಚೆ ಆಗಬೇಕು. ಇತ್ತ ನಮ್ಮಲ್ಲಿ ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ ಮತ್ತು ಗಾಂಧಿ ಜಯಂತಿ. ಹಾಗಾಗಿ ಬಾಕ್ಸ್ ಸೆಪ್ಟೆಂಬರ್ 30ರೊಳಗೆ ಬೆಂಗಳೂರಿನಲ್ಲಿರಬೇಕು, 29ರ ಬೆಳಿಗ್ಗೆ ಶಿವಮೊಗ್ಗ ಬಿಡಬೇಕು. ತಯಾರಿಗೂ ಪ್ಯಾಕಿಂಗ್‌ಗೂ ಮೂರು ದಿನ ಕಳೆದರೆ, ಹಣ ಕಟ್ಟುವ ಗಡುವು 25ರ ಗುರುವಾರಕ್ಕೆ ಬಂದು ನಿಂತಿತು.

ಮಹಾಲಯ ಅಮಾವಾಸ್ಯೆ ಮುಗಿದು ನಾಲ್ಕೇ ದಿನಕ್ಕೆ ದೀಪಾವಳಿಯ ಆರ್ಡರ್ ಮುಚ್ಚುತ್ತದೆ ಎಂದರೆ ಜನ ನಂಬುವುದಿಲ್ಲ ಎಂದು ನಮ್ಮ ಯಜಮಾನರು ಹಿಂಜರಿದರು. ಲೆಕ್ಕದ ಹಾಳೆಯನ್ನು ತೋರಿಸಿದ ಮೇಲೆ ಒಪ್ಪಿದರು. ಪ್ರಕಟಣೆಯ ಆ ಭಾಗ ಹೀಗೆ ಹೋಯಿತು:

“ಅಮೆರಿಕ: ಆರ್ಡರ್ ಕೊಟ್ಟು ಪೂರ್ತಿ ಹಣ ಕಟ್ಟಲು ಕೊನೆಯ ಸಮಯ ಸೆಪ್ಟೆಂಬರ್ 25, ಗುರುವಾರ ಸಂಜೆ 6 ಗಂಟೆ. ಬಾಕ್ಸ್ ಶಿವಮೊಗ್ಗ ಬಿಡುವುದು ಸೆಪ್ಟೆಂಬರ್ 29, ಸೋಮವಾರ. ತಲುಪುವ ಅಂದಾಜು ಅಕ್ಟೋಬರ್ 17, ಶುಕ್ರವಾರದೊಳಗೆ. ಅಲ್ಲಿನ ಕಸ್ಟಮ್ಸ್ ತಪಾಸಣೆಗೆ ತಡೆದರೆ ಇದಕ್ಕಿಂತ ತಡವಾಗಬಹುದು.”

ವಾರದ ಹೆಸರನ್ನು ದಿನಾಂಕದ ಪಕ್ಕದಲ್ಲೇ ಬರೆದದ್ದು ಬಹಳ ಉಪಯೋಗಕ್ಕೆ ಬಂತು, ಏಕೆಂದರೆ ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಪೇಟೆಗೆ ಬರುವುದನ್ನು ವಾರದ ಲೆಕ್ಕದಲ್ಲೇ ಯೋಚಿಸುತ್ತಾರೆ. “ಅಂದಾಜು” ಎಂಬ ಪದವನ್ನು ತೆಗೆಯಬಾರದೆಂದು ನಾನು ಹಟ ಹಿಡಿದೆ. ಹೊರಡುವ ದಿನ ನಮ್ಮ ಕೈಯಲ್ಲಿದೆ, ತಲುಪುವ ದಿನ ಇಲ್ಲ, ಆದ್ದರಿಂದ ಎರಡನ್ನೂ ಒಂದೇ ಖಚಿತ ಧ್ವನಿಯಲ್ಲಿ ಹೇಳುವುದು ಸರಿಯಲ್ಲ.

ದಿನಾಂಕ ಹಿಂದಕ್ಕೆ ಸರಿದುದರಿಂದ ತಿಂಡಿಯ ಪಟ್ಟಿಯೂ ಬದಲಾಗಬೇಕಾಯಿತು. ಸೆಪ್ಟೆಂಬರ್ 27ರಂದು ಮಾಡಿದ್ದು ಬಲಿಪಾಡ್ಯಮಿಯ ದಿನ ತಿನ್ನುವ ಹಾಗಿರಬೇಕೆಂದರೆ ಇಪ್ಪತ್ತೈದು ದಿನ ಬಾಳಬೇಕು. ಹಸಿ ತೆಂಗಿನಕಾಯಿ ಬಿದ್ದ ಯಾವುದೂ, ಕಾಯಿ ಹೋಳಿಗೆಯೂ ಸೇರಿದಂತೆ, ಅಷ್ಟು ದಿನ ನಿಲ್ಲುವುದಿಲ್ಲ. ಗಟ್ಟಿ ಮೈಸೂರು ಪಾಕ್, ಶಂಕರಪೋಳಿ, ಚಕ್ಕುಲಿ, ಕೋಡುಬಳೆ ನಿಲ್ಲುತ್ತವೆ. ಎಲ್ಲರೂ ಕೇಳುವ ತೊಡೆದೇವು ಕೆಡುವುದಿಲ್ಲ, ಆದರೆ ಕಾಗದದಷ್ಟು ತೆಳುವಾದ ಆ ಹಾಳೆ ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ, ಒಣಗಿದ್ದರೆ ದಾರಿಯಲ್ಲಿ ಪುಡಿಯಾಗುತ್ತದೆ. ಅದನ್ನು ಹೊರದೇಶಕ್ಕೆ ಕಳುಹಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದೆವು, ಬೇಸರದಿಂದಲೇ ಬರೆದೆವು.

ಆಸ್ಟ್ರೇಲಿಯಕ್ಕೆ ಪ್ರತ್ಯೇಕ ಪಟ್ಟಿ ಬೇಕಾಯಿತು. ಜಾನುವಾರುಗಳ ಕಾಲುಬಾಯಿ ರೋಗದ ಭಯದಿಂದ ಆ ದೇಶ ನಮ್ಮ ಕಡೆಯ ಹಾಲಿನ ಸಿಹಿಗಳನ್ನು ಒಳಗೆ ಬಿಡುವುದಿಲ್ಲ. ಪೇಡ, ಬರ್ಫಿಗಳನ್ನು ವಶಪಡಿಸಿಕೊಂಡು ನಾಶಪಡಿಸುತ್ತಾರೆ. ಮುಟ್ಟುಗೋಲಾದ ಬಾಕ್ಸಿಗೆ ಹಣ ವಾಪಸ್ ಕೊಡಲಾಗದು ಎಂದು ಸಣ್ಣ ಅಕ್ಷರದಲ್ಲಿ ಹೇಳುವುದಕ್ಕಿಂತ, ಅಂಥ ಸಿಹಿಯ ಆರ್ಡರನ್ನೇ ತೆಗೆದುಕೊಳ್ಳದಿರುವುದು ಪ್ರಾಮಾಣಿಕ ದಾರಿ ಎಂದು ನನಗೆ ಅನ್ನಿಸಿತು.

2025ರಲ್ಲಿ ಇನ್ನೊಂದು ವಿಷಯ ಹೊಸದಾಗಿ ಸೇರಿತು. 800 ಡಾಲರ್ ಒಳಗಿನ ಪಾರ್ಸೆಲ್‌ಗಳಿಗೆ ಅಮೆರಿಕದಲ್ಲಿದ್ದ ಸುಂಕ ವಿನಾಯಿತಿ ಆಗಸ್ಟ್ 29ರಿಂದ ರದ್ದಾಯಿತು, ಅದಕ್ಕೆ ತುಸು ಮೊದಲೇ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಹೋಗುವ ಬಹುತೇಕ ಪಾರ್ಸೆಲ್‌ಗಳನ್ನು ನಿಲ್ಲಿಸಿತ್ತು. ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ ಎಂದು ಕೇಳುವವರಿಗೆ ಉತ್ತರವಾಗಿ, ಕೊರಿಯರ್ ಒಂದೇ ದಾರಿ ಎಂದೂ, ಸುಂಕವನ್ನು ಇಲ್ಲಿನ ಬಿಲ್ಲಿನಲ್ಲೇ ಸೇರಿಸಿರುವುದರಿಂದ ಅಲ್ಲಿ ಬಾಗಿಲಲ್ಲಿ ನಿಮ್ಮವರು ಏನೂ ಕೊಡಬೇಕಾಗಿಲ್ಲವೆಂದೂ ಸೇರಿಸಿದೆ.

ಪ್ರತಿ ವರ್ಷವೂ ಯಾರಾದರೊಬ್ಬರು ಮನೆಯ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನು ತಂದು, ಇದನ್ನೂ ಬಾಕ್ಸಿನೊಳಗೆ ಇಡಿ ಎಂದು ಕೇಳುತ್ತಾರೆ. ಮಗಳಿಗೆ ಉಪ್ಪಿನಕಾಯಿ ಕಳುಹಿಸುವ ಆಸೆ ನನಗೆ ಅರ್ಥವಾಗದ್ದಲ್ಲ. ಆದರೆ ಅಂಗಡಿಯ ತಿಂಡಿಗೆ ಅಮೆರಿಕದ ಆಹಾರ ಇಲಾಖೆಗೆ ಮೊದಲೇ ಮಾಹಿತಿ ಸಲ್ಲಿಸಬೇಕು, ಒಳಗಿರುವ ಪದಾರ್ಥಗಳು ಆ ಪಟ್ಟಿಯೊಂದಿಗೆ ಹೊಂದಬೇಕು. ಪಟ್ಟಿಯಲ್ಲಿಲ್ಲದ ಒಂದು ಡಬ್ಬಿಯಿಂದ ಇಡೀ ಬಾಕ್ಸ್ ನಿಲ್ಲಬಹುದು, ರಸ ಸೋರಿದರೆ ಚಕ್ಕುಲಿಯೂ ಹಾಳು. “ಮನೆಯ ತಿಂಡಿಯನ್ನು ಸೇರಿಸುವುದಿಲ್ಲ” ಎಂಬ ಸಾಲಿನ ಕೆಳಗೆ ಈ ಕಾರಣವನ್ನೂ ಬರೆದ ಮೇಲೆ ಕೌಂಟರಿನಲ್ಲಿ ವಾದ ಕಡಿಮೆಯಾಯಿತು.

ಸೆಪ್ಟೆಂಬರ್ 25ರ ಸಂಜೆ 6 ದಾಟಿದ ಕೂಡಲೇ ಹಳೆಯ ಸಂದೇಶವನ್ನು ಎಲ್ಲ ಗುಂಪುಗಳಿಂದ ಅಳಿಸಿ, ಬೋರ್ಡನ್ನೂ ಇಳಿಸಿದೆ. ಅದರ ಜಾಗದಲ್ಲಿ “ಅಮೆರಿಕದ ದೀಪಾವಳಿ ಆರ್ಡರ್ ಮುಗಿದಿದೆ; ಈಗ ಕೊಟ್ಟರೆ ಹಬ್ಬದ ನಂತರ ತಲುಪುತ್ತದೆ, ಒಪ್ಪಿಗೆಯಿದ್ದರೆ ಮಾತ್ರ ತೆಗೆದುಕೊಳ್ಳುತ್ತೇವೆ” ಎಂದು ಹಾಕಿದೆ. ಅದನ್ನು ಓದಿಯೂ ನಾಲ್ಕು ಮನೆಯವರು ಆರ್ಡರ್ ಕೊಟ್ಟರು. ಅವರ ಬಿಲ್ಲಿನ ಮೇಲೆ “ಹಬ್ಬದ ನಂತರ” ಎಂದು ಕೈಯಲ್ಲಿ ಬರೆದು, ಪಕ್ಕದಲ್ಲಿ ಸಹಿ ಪಡೆದುಕೊಂಡೆ.