ಚೆಕ್ ಓದೋ ಪ್ರಾಜೆಕ್ಟ್, ಎರಡನೇ ತಿಂಗಳು: ಅನುಮಾನದ ಅಂಕಿನ ಖಾಲಿ ಬಿಡೋದು

ಹೋದ ಸಲ ಬರೆದಿದ್ದು ನೆನಪಿಲ್ದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ. ನಮ್ಮ ದೊಡ್ಡಪ್ಪ ಊರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ನೋಡ್ಕೋತಾರೆ, ಸಾಲದ ಕಂತಿಗೆ ಅಂತ ಸದಸ್ಯರು ಕೊಡೋ ಚೆಕ್‌ಗಳ್ನ ಬ್ಯಾಂಕಿಗೆ ಹಾಕೋ ಮುಂಚೆ ಚೆಕ್ ನಂಬರು, ಬ್ಯಾಂಕು, ತಾರೀಕು, ಮೊತ್ತ ಎಲ್ಲಾ ರಿಜಿಸ್ಟರಿಗೆ ಕೈಯಲ್ಲೇ ಬರೀತಾರೆ. ಅದನ್ನ ಸ್ಕ್ಯಾನ್ ಮಾಡಿ ತಾನಾಗೇ ತುಂಬಿಸ್ಬೇಕು ಅನ್ನೋದು ನನ್ನ ಪ್ರಾಜೆಕ್ಟು. ಎಲ್ಲಾ ಅಂಕಿನೂ ಸರಿಯಾಗಿ ಓದೋ ಪ್ರೋಗ್ರಾಂ ಬರೆಯೋಕೆ ಆಗಲ್ಲ ಅನ್ನೋದು ಮೊದಲ ತಿಂಗಳಲ್ಲೇ ಗೊತ್ತಾಯ್ತು, ಅದಕ್ಕೆ ಈ ತಿಂಗಳು ಪೂರ್ತಿ ಇನ್ನೊಂದರ ಮೇಲೆ ಕೂತೆ: ಯಾವ ಅಂಕಿ ಅನುಮಾನ ಅಂತ ಪ್ರೋಗ್ರಾಂ ತಾನೇ ಹೇಳ್ಬೇಕು, ಗೊತ್ತಿಲ್ದೇ ಇರೋದನ್ನ ಗೊತ್ತಿರೋ ಹಾಗೆ ತುಂಬಬಾರದು.

ಮೊದಲು ಎಂಐಸಿಆರ್ ಪಟ್ಟಿ, ಅಂದ್ರೆ ಚೆಕ್ ಕೆಳಗಡೆ ಬಿಳಿ ಜಾಗದಲ್ಲಿ ಇರೋ ವಿಚಿತ್ರ ಆಕಾರದ ಅಂಕಿಗಳು. ನಮ್ಮ ದೇಶದ ಚೆಕ್‌ನಲ್ಲಿ ಅದು ಹೀಗಿರುತ್ತೆ (ಇದು ನಾನೇ ಕಟ್ಟಿದ ಉದಾಹರಣೆ, ಯಾರ ಚೆಕ್ಕೂ ಅಲ್ಲ):

```
⑈123456⑈ 560999003⑆ 004321⑈ 31
```

ಮೊದಲ 6 ಅಂಕಿ ಚೆಕ್ ನಂಬರು. ಆಮೇಲಿನ 9ರಲ್ಲಿ ಮೂರು ಊರಿಗೆ, ಮೂರು ಬ್ಯಾಂಕಿಗೆ, ಮೂರು ಶಾಖೆಗೆ. ಬೆಂಗಳೂರಿಗೆ 560, ಪಿನ್‌ಕೋಡ್ ಶುರುವಾಗೋ ಅದೇ ಮೂರು ಅಂಕಿ. ಅದಾದ್ಮೇಲೆ ಖಾತೆಗೆ ಸಂಬಂಧಪಟ್ಟ 6, ಕೊನೆಗೆ ಯಾವ ಥರದ ಚೆಕ್ ಅನ್ನೋಕೆ 2. ಒಟ್ಟು 23 ಅಂಕಿ. ಫಾಂಟಿನ ಹೆಸರು ಇ-13ಬಿ, ಅದರಲ್ಲಿರೋದು ಹತ್ತು ಅಂಕಿ ಮತ್ತೆ ನಾಲ್ಕೇ ನಾಲ್ಕು ಚಿಹ್ನೆ. ಪ್ರತಿ ಅಕ್ಷರನೂ ಒಂದಕ್ಕೊಂದು ಸರಿಯಾಗಿ ಇಂಚಿನ ಎಂಟನೇ ಒಂದು ಭಾಗದ ದೂರದಲ್ಲಿರುತ್ತೆ, ಹಾಗಾಗಿ ಇದಕ್ಕೆ ದೊಡ್ಡ ಮಾಡೆಲ್ ಏನೂ ಬೇಡ, 14 ಟೆಂಪ್ಲೇಟ್ ಇಟ್ಕೊಂಡು ಹೋಲಿಸಿದ್ರೆ ಸಾಕು.

ಇಲ್ಲೇ ಎರಡು ದಿನ ಹೋಯ್ತು. 300 ಡಿಪಿಐ ಸ್ಕ್ಯಾನ್‌ನಲ್ಲಿ ಇಂಚಿನ ಎಂಟನೇ ಭಾಗ ಅಂದ್ರೆ 37.5 ಪಿಕ್ಸೆಲ್, ನಾನು 38 ಅಂತ ಪೂರ್ಣಾಂಕ ಮಾಡ್ಬಿಟ್ಟಿದ್ದೆ. ಮೊದಲ ಹತ್ತು ಅಕ್ಷರ ಚೆನ್ನಾಗೇ ಓದ್ತಿತ್ತು, ಆಮೇಲೆ ಆಮೇಲೆ ಅನುಮಾನ ಜಾಸ್ತಿ ಆಗ್ತಾ ಹೋಗಿ ಕೊನೆಯ 31 ಅಂತೂ ಯಾವತ್ತೂ ಸರಿ ಬರ್ತಿರ್ಲಿಲ್ಲ. ಪ್ರತಿ ಅಕ್ಷರಕ್ಕೂ ಅರ್ಧ ಪಿಕ್ಸೆಲ್ ಸರಿದು ಸರಿದು 28ನೇ ಜಾಗಕ್ಕೆ ಬರೋ ಹೊತ್ತಿಗೆ 14 ಪಿಕ್ಸೆಲ್ ಆಚೆ ಹೋಗಿರ್ತಿತ್ತು. ಅನುಮಾನ ಒಂದೇ ಕಡೆ ಇದ್ರೆ ಅದು ಚೆಕ್ಕಿನ ದೋಷ, ಎಡದಿಂದ ಬಲಕ್ಕೆ ಏರ್ತಾ ಹೋದ್ರೆ ನಮ್ಮ ಅಳತೆಯ ದೋಷ ಅಂತ ಆಗ ತಿಳೀತು. ಈಗ ದಶಮಾಂಶದಲ್ಲೇ ಲೆಕ್ಕ ಹಾಕಿ ಕೊನೆಗೆ ಕತ್ತರಿಸುವಾಗ ಮಾತ್ರ ರೌಂಡ್ ಮಾಡ್ತೀನಿ.

ಇನ್ನು ಅನುಮಾನ ಅಳೆಯೋದು. ಮೊದಲು ಹೋಲಿಕೆಯ ಅಂಕ 0.80ಕ್ಕಿಂತ ಕಮ್ಮಿ ಇದ್ರೆ ಫ್ಲ್ಯಾಗ್ ಅಂತ ಇಟ್ಟಿದ್ದೆ, ಅದು ಸಾಲ್ದು. ಮಸುಕಾದ ಪ್ರಿಂಟ್‌ನಲ್ಲಿ ಸರಿಯಾದ ಅಂಕಿಗೇ 0.78 ಬರುತ್ತೆ, ಆದ್ರೆ ಎರಡನೇ ಸ್ಥಾನದಲ್ಲಿರೋದು 0.40, ಅಂದ್ರೆ ಅಲ್ಲಿ ಗೊಂದಲವೇ ಇಲ್ಲ. ಇನ್ನೊಂದು ಕಡೆ 0.84 ಬಂದಿರುತ್ತೆ, ಅದರ ಪಕ್ಕದಲ್ಲೇ 0.81 ಕೂತಿರುತ್ತೆ, ನಿಜವಾದ ಅನುಮಾನ ಅದು. ಹಾಗಾಗಿ ಮೊದಲನೇದಕ್ಕೂ ಎರಡನೇದಕ್ಕೂ ಇರೋ ಅಂತರಾನೇ ಮುಖ್ಯ ಮಾಡ್ಕೊಂಡೆ:

```python
scores = {k: cv2.matchTemplate(cell, t, cv2.TM_CCOEFF_NORMED).max()
          for k, t in templates.items()}
(a, s1), (b, s2) = sorted(scores.items(), key=lambda x: -x[1])[:2]
doubt = s1 < 0.60 or s1 - s2 < 0.15
```

ಇಲ್ಲಿ `cell` ಅನ್ನೋದು ಟೆಂಪ್ಲೇಟ್‌ಗಿಂತ ಎಲ್ಲಾ ಕಡೆ ನಾಲ್ಕೈದು ಪಿಕ್ಸೆಲ್ ದೊಡ್ಡದಿರ್ಬೇಕು, ಆಗ ಸ್ವಲ್ಪ ಆಚೀಚೆ ಸರಿದಿದ್ರೂ ಸಿಗುತ್ತೆ. 0.60 ಮತ್ತೆ 0.15 ನನ್ನ ಸ್ಕ್ಯಾನರಿಗೆ ಸರಿಹೋದ ಸಂಖ್ಯೆ ಅಷ್ಟೇ, ನಿಮ್ಮದಕ್ಕೆ ನೀವೇ ನೋಡ್ಕೋಬೇಕು.

ಎಂಐಸಿಆರ್‌ನಲ್ಲಿ ಅತಿ ಹೆಚ್ಚು ಕಾಡಿದ್ದು ಸೀಲು. ಬ್ಯಾಂಕಿನ ಮಷೀನಿಗೆ ಇದು ಅಷ್ಟು ತೊಂದರೆ ಅಲ್ಲ, ಯಾಕಂದ್ರೆ ಆ ಅಂಕಿಗಳ ಇಂಕಿನಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತೆ, ಮಷೀನು ಕಾಂತೀಯ ಹೆಡ್‌ನಿಂದ ಓದುತ್ತೆ, ಮೇಲೆ ಬಿದ್ದಿರೋ ಸೀಲಿನ ಇಂಕು ಅದಕ್ಕೆ ಕಾಣೋದೇ ಇಲ್ಲ. ನನ್ನ ಹತ್ರ ಇರೋದು ಬರೀ ಚಿತ್ರ. ಒಂದು ಚೆಕ್‌ನಲ್ಲಿ ಸಂಘದ ನೇರಳೆ ಸೀಲಿನ ಅಂಚು ಶಾಖೆ ಕೋಡಿನ ಒಂದು ಸೊನ್ನೆ ನಡುವೆ ಅಡ್ಡ ಹಾದು ಹೋಗಿತ್ತು, ನನ್ನ ಪ್ರೋಗ್ರಾಂ ಅದಕ್ಕೆ 0 ಅಂದ್ರೆ 0.71, 8 ಅಂದ್ರೆ 0.69 ಕೊಡ್ತು. ಫ್ಲ್ಯಾಗ್ ಆಯ್ತು, ಅದು ಸರಿಯೇ, ಆದ್ರೆ ಇಂಥದ್ದು ತುಂಬಾ ಚೆಕ್‌ನಲ್ಲಿತ್ತು. ಆಮೇಲೆ ಹೊಳೀತು, ನಾನು ಸುಮ್ನೆ ಬಣ್ಣದ ಸ್ಕ್ಯಾನನ್ನ ಗ್ರೇ ಮಾಡಿ ಮಾಹಿತಿ ಕಳೀತಾ ಇದೀನಿ ಅಂತ. ನೇರಳೆ, ನೀಲಿ ಇಂಕು ನೀಲಿ ಚಾನೆಲ್‌ನಲ್ಲಿ ತಿಳಿಯಾಗಿ ಕಾಣುತ್ತೆ, ಕಪ್ಪು ಮಾತ್ರ ಕಪ್ಪಾಗೇ ಉಳಿಯುತ್ತೆ. ಅದೇ ಸೊನ್ನೆನ ಬರೀ ನೀಲಿ ಚಾನೆಲ್‌ನಲ್ಲಿ ಓದಿಸ್ದೆ: 0ಗೆ 0.93, 8ಕ್ಕೆ 0.68. ಮೊತ್ತ, ತಾರೀಕು ಓದೋಕೆ ಇದರ ಉಲ್ಟಾ, ಕೆಂಪು ಚಾನೆಲ್ ತಗೊಂಡ್ರೆ ನೀಲಿ ಪೆನ್ನಿನ ಬರಹ ಗಾಢವಾಗಿ ಬರುತ್ತೆ, ಚೆಕ್‌ನ ಗುಲಾಬಿ ಹಿನ್ನೆಲೆ ಮಾಯ ಆಗುತ್ತೆ. ಕಪ್ಪು ಜೆಲ್ ಪೆನ್ನಿನ ಸಹಿ ಬಾಲ ಕೆಳಗೆ ಇಳಿದು ಎಂಐಸಿಆರ್ ಮೇಲೆ ಬಿದ್ದಿದ್ರೆ ಮಾತ್ರ ಈ ಉಪಾಯ ನಡೆಯಲ್ಲ, ಅದು ಫ್ಲ್ಯಾಗ್ ಆಗೇ ಉಳಿಯುತ್ತೆ. ಮೊಬೈಲಲ್ಲಿ ಬಂದ ಜೆಪೆಗ್ ಫೋಟೋದಲ್ಲೂ ಫಲ ಕಮ್ಮಿ, ಅದರಲ್ಲಿ ಬಣ್ಣದ ವಿವರವನ್ನ ಸಾಮಾನ್ಯವಾಗಿ ಅರ್ಧಕ್ಕಿಳಿಸಿ ಇಟ್ಟಿರುತ್ತೆ, ಹಾಗಾಗಿ ಸೀಲಿನ ನೆರಳು ಅಂಕಿಯ ಅಂಚಿಗೆ ಹರಡ್ಕೊಂಡಿರುತ್ತೆ.

ಈಗ ನಾನು ಮಾಡಿದ ದೊಡ್ಡ ತಪ್ಪಿಗೆ ಬರ್ತೀನಿ, ಇದು ತಾರೀಕಿನಲ್ಲಿ ಆಯ್ತು. ತಾರೀಕಿಗೆ ಎಂಟು ಚೌಕ, ದಿನ ದಿನ ತಿಂಗಳು ತಿಂಗಳು, ಆಮೇಲೆ ನಾಲ್ಕು ವರ್ಷಕ್ಕೆ. ಮೊದಲ ಅಂಕಿ 3 ದಾಟಲ್ಲ, ಮೂರನೇದು 0 ಅಥವಾ 1, ವರ್ಷ 20ರಿಂದ ಶುರು. ಇದರ ಮೇಲೆ 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯಸ್ಸು ಬರೆದ ತಾರೀಕಿಂದ ಮೂರೇ ತಿಂಗಳು. ಇಷ್ಟೆಲ್ಲಾ ನಿಯಮ ಇದ್ಮೇಲೆ ಅದನ್ನ ಓದೋಕೆ ಬಳಸ್ಕೊಳ್ಳೋಣ ಅಂತ, ಕಳೆದ ಮೂರು ತಿಂಗಳೊಳಗೆ ಬರೋ ತಾರೀಕುಗಳಲ್ಲಿ ಚಿತ್ರಕ್ಕೆ ಯಾವುದು ಹತ್ತಿರವೋ ಅದನ್ನೇ ಆರಿಸು ಅಂತ ಬರೆದೆ. ಫಲಿತಾಂಶ ಎಷ್ಟು ಚೆನ್ನಾಗಿ ಬಂತು ಅಂದ್ರೆ ಫ್ಲ್ಯಾಗ್‌ಗಳೇ ನಿಂತುಹೋದ್ವು.

ದೊಡ್ಡಪ್ಪ ಕೂತು ಒಂದೊಂದೇ ತಾಳೆ ನೋಡ್ತಾ ಒಂದು ಚೆಕ್ ಎತ್ತಿ ತೋರಿಸಿ "ಇದ್ರಲ್ಲಿ ಹಳೇ ವರ್ಷ ಬರ್ದಿದ್ದಾರಲ್ಲೋ, ನಿನ್ ಕಂಪ್ಯೂಟರು ಹೊಸ ವರ್ಷ ಅಂತಿದೆ" ಅಂದ್ರು. ಜನವರಿಯಲ್ಲಿ ಕೊಟ್ಟ ಚೆಕ್ಕು. ವರ್ಷ ಬದಲಾಗಿದ್ದು ಮರೆತು ಅಭ್ಯಾಸಬಲದಿಂದ ಹೋದ ವರ್ಷಾನೇ ಬರೆದಿದ್ರು, ಲೆಕ್ಕದ ಪ್ರಕಾರ ಅದು ಒಂದು ವರ್ಷ ಹಳೇ ಚೆಕ್ಕು, ಬ್ಯಾಂಕಿಗೆ ಹೋದ್ರೆ ವಾಪಸ್ ಬರೋದೇ. ನನ್ನ ಪ್ರೋಗ್ರಾಂ ನಿಯಮಕ್ಕೆ ತಕ್ಕ ಹಾಗೆ ಅದನ್ನ ತಿದ್ದಿಬಿಟ್ಟಿತ್ತು. ಹಿಡೀಲೇಬೇಕಾದ ತಪ್ಪನ್ನ ನಾನೇ ಮುಚ್ಚಿಹಾಕಿದ ಹಾಗಾಯ್ತು, ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಮಾರನೇ ದಿನ ಆ ಭಾಗ ಪೂರ್ತಿ ಕಿತ್ತು ಹಾಕಿದೆ. ಈಗ ಚಿತ್ರ ಏನು ಹೇಳುತ್ತೋ ಅದನ್ನ ಮೊದಲು ಓದೋದು, ನಿಯಮಕ್ಕೆ ಹೊಂದದೇ ಇದ್ರೆ ಫ್ಲ್ಯಾಗ್ ಹಾಕೋದು. ನಿಯಮ ಅನುಮಾನ ಎಬ್ಬಿಸ್ಬಹುದು, ಅಂಕಿ ಬದಲಾಯಿಸಂಗಿಲ್ಲ.

ಇದೇ ಪಾಠ ಎಂಐಸಿಆರ್‌ಗೂ ವಾಪಸ್ ತಗೊಂಡು ಹೋದೆ. ಅಮೆರಿಕದ ಚೆಕ್ಕಿನ 9 ಅಂಕಿ ರೂಟಿಂಗ್ ನಂಬರಲ್ಲಿ ಕೊನೆಯದು ತಾಳೆ ಅಂಕಿ, ಒಂದು ತಪ್ಪು ಓದಿದ್ರೂ ಲೆಕ್ಕ ಕೂಡಲ್ಲ. ನಮ್ಮ 9 ಅಂಕಿಯಲ್ಲಿ ಊರು, ಬ್ಯಾಂಕು, ಶಾಖೆ ಅಷ್ಟೇ ಇರೋದು, ತಾಳೆ ಅಂಕಿ ಇಲ್ಲ. ಶಾಖೆ ಕೋಡು 003 ಇರೋದನ್ನ 008 ಅಂತ ಓದಿದ್ರೆ ಅದೇ ಊರಲ್ಲಿ ಅದೇ ಬ್ಯಾಂಕಿನ ಇನ್ನೊಂದು ಶಾಖೆ ಸಿಕ್ಕೇಬಿಡಬಹುದು. ಹಾಗಾಗಿ ಪಟ್ಟಿಯಲ್ಲಿ ಇದೆ ಅನ್ನೋದು ಸಾಕಾಗಲ್ಲ, ಪಟ್ಟಿಯಲ್ಲಿ ಇಲ್ಲ ಅಂತ ಹತ್ತಿರದ್ದಕ್ಕೆ ತಿದ್ದೋದಂತೂ ಬೇಡವೇ ಬೇಡ. ಅದರ ಬದಲು ಚೆಕ್ ಮೇಲ್ಗಡೆ ಅಚ್ಚಾಗಿರೋ ಐಎಫ್‌ಎಸ್‌ಸಿನೂ ಓದಿ, ಎರಡೂ ಒಂದೇ ಶಾಖೆಯದಾ ಅಂತ ನೋಡ್ತೀನಿ, ಆಗದಿದ್ರೆ ಫ್ಲ್ಯಾಗ್.

ಕೊನೇದಾಗಿ ಮೊತ್ತ. ಒಂದು ಚೆಕ್‌ನಲ್ಲಿ 17,500/- ಅಂತ ಬರೆದಿತ್ತು. ಪ್ರೋಗ್ರಾಂ ಓದಿದ್ದು 115001. ಎರಡು ತಪ್ಪು ಒಟ್ಟಿಗೇ ಆಗಿವೆ. ಕೊನೆಯ ಓರೆಗೆರೆನ ಒಂದು ಅಂತ ತಗೊಂಡಿದೆ, ಇದನ್ನ ಹಿಡಿಯೋಕೆ ಅಲ್ಪವಿರಾಮ ಸಾಕು: ನಮ್ಮ ಬರವಣಿಗೆಯಲ್ಲಿ ಕೊನೆಯ ಅಲ್ಪವಿರಾಮ ಆದ್ಮೇಲೆ ರೂಪಾಯಿಯ ಮೂರೇ ಅಂಕಿ ಇರ್ಬೇಕು, ನಾಲ್ಕು ಬಂದ್ರೆ ಏನೋ ಹೆಚ್ಚಾಗಿ ಸೇರಿದೆ ಅಂತ ಅರ್ಥ. ಎರಡನೇದು 7ನ್ನ 1 ಅಂದಿದ್ದು. ತಲೆ ಮೇಲೆ ಚಿಕ್ಕ ಬಾಗಿರೋ ಗೆರೆ ಇಟ್ಟು 1 ಬರೆಯೋರು, ನಡುವೆ ಅಡ್ಡಗೆರೆ ಇಲ್ಲದೇ 7 ಬರೆಯೋರು ಇಬ್ಬರೂ ನಮ್ಮಲ್ಲಿ ಇದಾರೆ, ಒಬ್ಬರ 1 ಇನ್ನೊಬ್ಬರ 7 ಥರಾನೇ ಇರುತ್ತೆ. ಅಂತರ ಬರೀ 0.04, ಫ್ಲ್ಯಾಗ್ ಆಯ್ತು. ಇಂಥ ಕಡೆ ದಾರಿ ತೋರಿಸೋದು ಅಕ್ಷರದಲ್ಲಿ ಬರೆದ ಮೊತ್ತ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ನೂ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಇದ್ರೆ ಅಕ್ಷರದ ಮೊತ್ತವೇ ಮೊತ್ತ ಅನ್ನುತ್ತೆ. "ಹದಿನೇಳು ಸಾವಿರದ ಐನೂರು ಮಾತ್ರ" ಅಂತ ಸ್ಪಷ್ಟವಾಗಿತ್ತು. ಕೈಬರಹದ ಕನ್ನಡ ಓದಿಸೋಕೆ ನಾನು ಹೋಗಿಲ್ಲ, ಅನುಮಾನ ಬಂದಾಗ ಆ ಸಾಲಿನ ಚಿತ್ರ ಕತ್ತರಿಸಿ ಸ್ಕ್ರೀನ್ ಮೇಲೆ ದೊಡ್ಡದಾಗಿ ತೋರಿಸ್ತೀನಿ, ಓದೋದು ದೊಡ್ಡಪ್ಪ. ಕೆಲವರು ಕನ್ನಡ ಅಂಕಿಯಲ್ಲೇ ಮೊತ್ತ ಬರೀತಾರೆ, ಅಲ್ಲಿ ೦ ಮತ್ತೆ ೧ ಜೋಡಿ ಕಷ್ಟ, ೧ರ ಬಾಯಿ ಸ್ವಲ್ಪ ಮುಚ್ಚಿದ್ರೆ ಸೊನ್ನೆಯೇ. ಸದ್ಯಕ್ಕೆ ಕನ್ನಡ ಅಂಕಿ ಇದ್ದ ಮೊತ್ತವನ್ನ ಪೂರ್ತಿಯಾಗೇ ಫ್ಲ್ಯಾಗ್ ಮಾಡ್ತಿದೀನಿ.

ಸ್ಕ್ರೀನ್ ವಿಷಯದಲ್ಲಿ ಒಂದು ಬದಲಾವಣೆ ಮಾಡಿದೆ, ಇದು ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಮೊದಲು ಅನುಮಾನದ ಅಂಕಿನ ಹಳದಿ ಬಣ್ಣದಲ್ಲಿ ತುಂಬಿ ತೋರಿಸ್ತಿದ್ದೆ. ದೊಡ್ಡಪ್ಪ ಮೊದಲ ಹತ್ತು ಚೆಕ್ ನಿಧಾನವಾಗಿ ನೋಡಿದ್ರು, ಆಮೇಲೆ ಎಂಟರ್ ಎಂಟರ್ ಅಂತ ಒತ್ತಿಕೊಂಡು ಹೋದ್ರು, ಅದು ಅವರ ತಪ್ಪಲ್ಲ, ಮುಂದೆ ಒಂದು ಅಂಕಿ ತುಂಬಿಟ್ರೆ ಕಣ್ಣು ಅದನ್ನೇ ಚೆಕ್‌ನಲ್ಲೂ ಕಾಣುತ್ತೆ. ಈಗ ಆ ಜಾಗ ಖಾಲಿ, ಪ್ರೋಗ್ರಾಂನ ಊಹೆ ತೋರಿಸೋದೇ ಇಲ್ಲ, ಪಕ್ಕದಲ್ಲಿ ಚಿತ್ರ ಮಾತ್ರ. ಅವರು ಟೈಪ್ ಮಾಡಿದ್ದು ನಾನು ಒಳಗೆ ಇಟ್ಕೊಂಡಿರೋ ಊಹೆಗೆ ಹೊಂದಿದ್ರೆ ಮುಂದೆ ಹೋಗುತ್ತೆ, ಹೊಂದದಿದ್ರೆ ಅದೇ ಜಾಗ ಮತ್ತೆ ಖಾಲಿ ಆಗಿ ಇನ್ನೊಂದು ಸಲ ಕೇಳುತ್ತೆ, ಎರಡು ಸಲನೂ ಅವರು ಒಂದೇ ಹೇಳಿದ್ರೆ ಅವರ ಮಾತೇ ಕೊನೆ. ಆ 7ನ್ನ ದೊಡ್ಡಪ್ಪ ಎರಡು ಸಲನೂ 7 ಅಂತಲೇ ಒತ್ತಿದ್ರು.

ಇನ್ನು ಉಳಿದಿರೋದು ತಾರೀಕಿನ ಚೌಕದ ಗೆರೆ. ಗೆರೆ ಅಳಿಸೋಕೆ ಉದ್ದನೆಯ ಲಂಬ ಗೆರೆಗಳ್ನ ಹುಡುಕಿ ತೆಗೀತಿದ್ದೆ, ಅದರ ಜೊತೆ ನೆಟ್ಟಗೆ ಬರೆದಿರೋ 1ಗಳೂ ಹೋಗ್ತಿವೆ, 11ನೇ ತಿಂಗಳಿನ ಚೆಕ್ ಒಂದರಲ್ಲಿ ತಿಂಗಳೇ ಖಾಲಿ ಬಂತು. ಅದೇ ಬ್ಯಾಂಕಿನ ಬರೆಯದೇ ಇರೋ ಚೆಕ್ ಹಾಳೆ ಒಂದನ್ನ ಸ್ಕ್ಯಾನ್ ಮಾಡಿ, ಗೆರೆಗಳ ಜಾಗ ಅದರಿಂದ ತಗೊಂಡು ಅಷ್ಟನ್ನ ಮಾತ್ರ ಅಳಿಸೋಣ ಅಂತಿದೀನಿ, ಗೆರೆ ಮೇಲೇ ಕೂತ 1 ಆಗ್ಲೂ ಹೋಗುತ್ತೆ, ಹಾಗಾಗಿ ಖಾಲಿ ಬಂದ ಚೌಕವನ್ನೂ ಅನುಮಾನ ಅಂತಲೇ ಲೆಕ್ಕಕ್ಕೆ ತಗೋಬೇಕು. ಮುಂದಿನ ಭಾನುವಾರ ಊರಿಗೆ ಹೋಗ್ತಿದೀನಿ, ಸದಸ್ಯರ ಚೆಕ್ಕುಗಳ ಸ್ಕ್ಯಾನ್‌ನ ಸಂಘದ ಕಂಪ್ಯೂಟರ್ ಬಿಟ್ಟು ಆಚೆ ತರಲ್ಲ, ಹಾಗಾಗಿ ಅಲ್ಲೇ ಕೂತು ನೋಡ್ಬೇಕು.