ಭರಣಿಯ ಕತ್ತರಿಸಿದ ನೆರಳು

ಮಲ್ಲೇಶ್ವರದ ಚಿಕ್ಕಮ್ಮನ ಮಾವಿನಮಿಡಿ ಉಪ್ಪಿನಕಾಯಿಗೆ ಅಗಲವಾದ ಬ್ಯಾನರ್ ಬೇಕಿತ್ತು. ಇದ್ದದ್ದು ಮೊಬೈಲಿನ ಚೌಕ ಚಿತ್ರ, 1080 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಎತ್ತರ ಹಾಗೇ ಇಟ್ಟು, ಚಿತ್ರದ ಅಂಚಿನಾಚೆಗೆ ಎಐ ತಂತ್ರಾಂಶವೇ ಹೊಸದಾಗಿ ಬಿಡಿಸಿ ತುಂಬುವ ಔಟ್‌ಪೇಂಟಿಂಗ್‌ನಲ್ಲಿ ಅಗಲವನ್ನು 3240ಕ್ಕೆ ಬೆಳೆಸಲು ಕುಳಿತೆ.

ಬೆಳಕು ಎಡಗಡೆಯ ಕಿಟಕಿಯದು. ಬಲಕ್ಕೆ ಬಿದ್ದ ಭರಣಿಯ ನೆರಳು ಚಿತ್ರದ ಅಂಚಿನಲ್ಲಿ ಅರ್ಧಕ್ಕೇ ಕತ್ತರಿಸಿಹೋಗಿತ್ತು. ಮೊದಲ ಸಲ ತಂತ್ರಾಂಶ ಅದನ್ನು ಕಪ್ಪು ಪಟ್ಟಿಯಂತೆ ಬ್ಯಾನರಿನ ತುದಿಯವರೆಗೂ ಎಳೆಯಿತು. ಎರಡನೆಯ ಸಲ ಆ ನೆರಳಿಗೆಂದು ಇನ್ನೊಂದು ಭರಣಿಯನ್ನೇ ಹುಟ್ಟಿಸಿತು. "ಇದು ಯಾರ ಮನೆಯದೋ?" ಎಂದರು ಚಿಕ್ಕಮ್ಮ.

ನೆರಳು ಎಲ್ಲಿ ಮುಗಿಯಬೇಕೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಪಕ್ಕದ ಪುಟ್ಟ ಬಟ್ಟಲಿನ ನೆರಳು ಪೂರ್ತಿ ಕಾಣುತ್ತಿತ್ತು, ಬಟ್ಟಲಿನ ಎತ್ತರದ ಸುಮಾರು ಒಂದೂವರೆ ಪಟ್ಟು. ಅದೇ ಅಳತೆಯಲ್ಲಿ ಭರಣಿಯ ನೆರಳನ್ನು ನಾನೇ ಖಾಲಿ ಜಾಗಕ್ಕೆ ಒರಟಾಗಿ ಬಳಿದೆ: ಬುಡದಲ್ಲಿ ಗಾಢ, ದೂರ ಹೋದಂತೆ ತೆಳು, ಅಂಚು ಮಸುಕು. ಎಲ್ಲಿ ಬಿಡಿಸಬೇಕೆಂದು ತಂತ್ರಾಂಶಕ್ಕೆ ತೋರಿಸುವ ಮಾಸ್ಕನ್ನು ಅಂಚಿನಲ್ಲೇ ನಿಲ್ಲಿಸದೆ, ಭರಣಿಗೆ ತಾಗದಂತೆ ಮೂಲ ಚಿತ್ರದೊಳಕ್ಕೂ ನೂರು ಪಿಕ್ಸೆಲ್ ಸರಿಸಿದೆ. ಬಳಿದದ್ದು ಅಳಿಸಿಹೋಗದಂತೆ ಬದಲಾವಣೆಯ ತೀವ್ರತೆಯನ್ನು ಅರ್ಧಕ್ಕೆ ಇಳಿಸಿದೆ. ಉಳಿದ ಮೇಜನ್ನು ಸ್ವಲ್ಪ ಸ್ವಲ್ಪವಾಗಿ ಬೆಳೆಸಿದೆ. ಕಿಟಕಿಯಿಂದ ದೂರವಾದಂತೆ ಅದು ತುಸು ಕಪ್ಪಾಗಲೇಬೇಕು.

ಎಲ್ಲ ಸರಿಯಾಯಿತೆಂದು ಕಾಂಟ್ರಾಸ್ಟ್ ಏರಿಸಿ ನೋಡಿದರೆ ನಡುವೆ ನೆಟ್ಟಗಿನ ಗೆರೆ! ಮೂಲದಲ್ಲಿ ಮೊಬೈಲಿನ ಮರಳು ಮರಳು, ಹೊಸದು ಬೆಣ್ಣೆಯಂತೆ ನುಣುಪು. ಹೊಸ ಭಾಗಕ್ಕೆ ಒಂದಿಷ್ಟು ಗ್ರೇನ್ ಉದುರಿಸಿದ ಮೇಲೆ ಗೆರೆ ಮಾಯವಾಯಿತು. ಹೊರಗೆ ಮಳೆ. ಚಿಕ್ಕಮ್ಮ ಈಗ ಅಕ್ಷರ ದೊಡ್ಡದಾಗಲಿ ಎನ್ನುತ್ತಿದ್ದಾರೆ.