ಐದರಲ್ಲೊಂದು ಭಾಗದಲ್ಲಿ ಮೀಟಿದಾಗ: ಗಿಟಾರ್ ರೋಹಿತದಲ್ಲಿ ಕಾಣೆಯಾಗುವ 550 ಹರ್ಟ್ಸ್

ಗಿಟಾರ್ ಸ್ವರದ ರೋಹಿತ ತೆಗೆಯುವ ಕೆಲಸ ಒಂದು ಹಂತಕ್ಕೆ ಬಂದಿದೆ. 110 ಹರ್ಟ್ಸ್‌ನ ಎ ತಂತಿಯನ್ನು ಮೀಟಿದರೆ 110, 220, 330 ಹೀಗೆ ಸಾಲಾಗಿ ಶಿಖರಗಳು ಏಳುತ್ತವೆ. ಅಷ್ಟನ್ನು ಯಾವ ಪ್ರೋಗ್ರಾಮ್ ಬೇಕಾದರೂ ತೋರಿಸುತ್ತದೆ. ನನಗೆ ಬೇಕಾಗಿದ್ದದ್ದು ಬೇರೆ: ತಂತಿಯನ್ನು ಎಲ್ಲಿ ಮೀಟಿದ್ದೇವೆ ಎಂಬುದನ್ನು ರೋಹಿತ ನೋಡಿಯೇ ಹೇಳಬಹುದೇ?

ಹೇಳಬಹುದು ಎನ್ನುತ್ತದೆ ಲೆಕ್ಕ. ತಂತಿಯ ಐದನೇ ಹಾರ್ಮೋನಿಕ್, ಅಂದರೆ ಈ ಸಾಲಿನ ಐದನೆಯದಾದ 550 ಹರ್ಟ್ಸ್, ಕಂಪಿಸುವಾಗ ತಂತಿ ಐದು ಸಮಭಾಗಗಳಾಗಿ ಅಲುಗುತ್ತದೆ. ಆ ಭಾಗಗಳು ಕೂಡುವ ಜಾಗಗಳು ಅಲುಗುವುದಿಲ್ಲ. ಅಂಥ ಅಲುಗದ ಬಿಂದುವಿನಲ್ಲೇ ತಂತಿಯನ್ನು ಎಳೆದು ಬಿಟ್ಟರೆ ಐದನೇ ಹಾರ್ಮೋನಿಕ್‌ಗೆ ಶಕ್ತಿಯೇ ಸಿಗುವುದಿಲ್ಲ. ನನ್ನ ಗಿಟಾರ್‌ನ ತಂತಿಯ ಉದ್ದ 650 ಮಿ.ಮೀ. ಬ್ರಿಡ್ಜ್ ಕಡೆಯಿಂದ 130 ಮಿ.ಮೀ. ದೂರದಲ್ಲಿ ಮೀಟಿದರೆ 550 ಹರ್ಟ್ಸ್‌ನ ಶಿಖರ ಇರಬಾರದು. ಸೂತ್ರದಲ್ಲಿ ಹೇಳುವುದಾದರೆ, ಬ್ರಿಡ್ಜ್‌ಗೆ ತಲುಪುವ n-ನೇ ಹಾರ್ಮೋನಿಕ್‌ನ ಬಲ `sin(nπp)/n`ಗೆ ಅನುಪಾತದಲ್ಲಿರುತ್ತದೆ. ಇಲ್ಲಿ p ಎಂದರೆ ಮೀಟಿದ ಜಾಗದ ದೂರವನ್ನು ತಂತಿಯ ಉದ್ದದಿಂದ ಭಾಗಿಸಿದ್ದು.

ರೆಕಾರ್ಡಿಂಗ್ ಮೋನೋ, ಸೆಕೆಂಡಿಗೆ 44100 ಸ್ಯಾಂಪಲ್, ಕಂಪ್ರೆಸ್ ಮಾಡದ WAV ಫೈಲ್. ಮೈಕ್‌ನ ಗೇನ್ ತಗ್ಗಿಸಿಯೇ ಇಟ್ಟಿದ್ದೇನೆ. ಅಲೆಯ ತುದಿ ಕತ್ತರಿಸಿಹೋದರೆ 220 ಮತ್ತು 330 ಕೂಡಿ 550ರಲ್ಲಿ ಸುಳ್ಳು ಶಿಖರವೊಂದು ಹುಟ್ಟುತ್ತದೆ. ನಾವು ಹುಡುಕುತ್ತಿರುವ ಖಾಲಿ ಜಾಗ ತುಂಬಿಹೋಗುವುದು ಹೀಗೆಯೇ. ಆಮೇಲಿನದ್ದು ಇಷ್ಟೇ:

```python
import numpy as np
from scipy.io import wavfile
fs, x = wavfile.read("A_130mm.wav")
x = x.astype(float)
i = np.argmax(np.abs(x)) + int(0.08*fs)
s = x[i:i+65536]
s = s - s.mean()
S = np.abs(np.fft.rfft(s*np.hanning(len(s))))
f = np.fft.rfftfreq(len(s), 1/fs)
dB = 20*np.log10(S/S.max())
```

ಮೀಟಿದ ಕ್ಷಣದಿಂದ 80 ಮಿಲಿಸೆಕೆಂಡ್ ಬಿಟ್ಟು ತುಣುಕನ್ನು ತೆಗೆದುಕೊಳ್ಳಲು ಕಾರಣವಿದೆ. ಮೊದಲ ಟಕ್ ಸದ್ದಿನಲ್ಲಿ ಎಲ್ಲ ಫ್ರೀಕ್ವೆನ್ಸಿಗಳೂ ಸ್ವಲ್ಪಸ್ವಲ್ಪ ಇರುತ್ತವೆ, ಅದು ಶಿಖರಗಳ ನಡುವಿನ ನೆಲವನ್ನೇ ಎತ್ತಿಬಿಡುತ್ತದೆ. ತುಣುಕಿನ ಉದ್ದ 65536 ಸ್ಯಾಂಪಲ್, ಅಂದರೆ ಸುಮಾರು 1.49 ಸೆಕೆಂಡ್; ರೋಹಿತದ ಒಂದೊಂದು ಮನೆಯ ಅಗಲ 0.67 ಹರ್ಟ್ಸ್. ಇದರ ಬದಲು 4096 ಸ್ಯಾಂಪಲ್ ತೆಗೆದುಕೊಂಡು ಹ್ಯಾನ್ ವಿಂಡೋ ಹಾಕದೆ ಬಿಟ್ಟರೆ ಮನೆಯ ಅಗಲ 10.8 ಹರ್ಟ್ಸ್ ಆಗುತ್ತದೆ, ಪಕ್ಕದ ಜೋರು ಶಿಖರ ಹತ್ತೇ ಮನೆ ಆಚೆಗಿರುತ್ತದೆ. ಅಲ್ಲಿಂದ ಸೋರಿ ಬಂದದ್ದೇ ಆ ಶಿಖರಕ್ಕಿಂತ ಸುಮಾರು 30 ಡೆಸಿಬೆಲ್ ಕೆಳಗಿನವರೆಗೆ ತುಂಬಿಕೊಳ್ಳುತ್ತದೆ. ಅದಕ್ಕಿಂತ ಆಳವಾದ ಹಳ್ಳ ತಂತಿಯಲ್ಲಿ ನಿಜಕ್ಕೂ ಇದ್ದರೂ ಕಾಣುವುದಿಲ್ಲ. ಹಾಗೆಂದು ತುಣುಕನ್ನು ಉದ್ದ ಮಾಡುತ್ತಾ ಹೋದರೂ ಲಾಭವಿಲ್ಲ. ಸ್ವರ ಕ್ಷೀಣಿಸುತ್ತಲೇ ಇರುವುದರಿಂದ ಶಿಖರಕ್ಕೆ ತನ್ನದೇ ಆದ ದಪ್ಪವಿರುತ್ತದೆ; ಸ್ವರ ಅಡಗಿದ ಮೇಲೆ ಸೇರಿಸುವುದೆಲ್ಲ ಕೋಣೆಯ ಗದ್ದಲ.

ಮೊದಲು ಬೆರಳಿನಿಂದ ಮೀಟಿದೆ. 550ರ ಶಿಖರ ತಗ್ಗಿತು, ಆದರೆ ಪಕ್ಕದ 440ಕ್ಕಿಂತ 17 ಡೆಸಿಬೆಲ್ ಮಾತ್ರ ಕೆಳಗೆ. ಸೂತ್ರವನ್ನು ಹಿಂದಿನಿಂದ ಓದಿದರೆ ಇದರ ಅರ್ಥ ತಿಳಿಯುತ್ತದೆ. ಮೀಟುವ ಜಾಗ 130ರ ಬದಲು 134 ಮಿ.ಮೀ. ಆದರೂ ಐದನೇ ಹಾರ್ಮೋನಿಕ್ ನಾಲ್ಕನೆಯದಕ್ಕಿಂತ ಸುಮಾರು 17 ಡೆಸಿಬೆಲ್ ಮಾತ್ರ ಕೆಳಗಿಳಿಯುತ್ತದೆ. ಬೆರಳಿನ ತುದಿಗೆ ಅದಕ್ಕಿಂತ ಹೆಚ್ಚು ಅಗಲವಿದೆ! ಹಾಗಾಗಿ ಲ್ಯಾಬ್‌ಗಳಲ್ಲಿ ಬಳಸುವ ಹಳೆಯ ಉಪಾಯಕ್ಕೆ ಬಂದೆ. ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಗಿಟಾರ್ ತಂತಿಗೆ ಕುಣಿಕೆಯಂತೆ ಸುತ್ತಿ, 130 ಮಿ.ಮೀ. ಗುರುತಿನಲ್ಲಿ ನಿಲ್ಲಿಸಿ, ಅದು ತುಂಡಾಗುವವರೆಗೆ ನಿಧಾನವಾಗಿ ಪಕ್ಕಕ್ಕೆ ಎಳೆಯುವುದು. ತಾಮ್ರ ಪ್ರತಿಸಲವೂ ಹೆಚ್ಚುಕಮ್ಮಿ ಒಂದೇ ಬಲಕ್ಕೆ ತುಂಡಾಗುವುದರಿಂದ ಮೀಟಿನ ಜೋರೂ ಒಂದೇ ರೀತಿ ಬರುತ್ತದೆ. ಈ ಕ್ರಮ ನನಗೆ ತುಂಬಾ ಹಿಡಿಸಿದೆ. ಎರಡು ರೆಕಾರ್ಡಿಂಗ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಧೈರ್ಯ ಬಂದದ್ದೇ ಇದರಿಂದ.

ಫಲಿತಾಂಶ: ಎಲ್ಲಕ್ಕಿಂತ ಎತ್ತರದ ಶಿಖರ 220ರದ್ದು, ಅದನ್ನೇ ಸೊನ್ನೆ ಡೆಸಿಬೆಲ್ ಎಂದಿಟ್ಟುಕೊಂಡಿದ್ದೇನೆ. (ಮೂಲ ಫ್ರೀಕ್ವೆನ್ಸಿಯೇ ಎತ್ತರವಿರಬೇಕೆಂದಿಲ್ಲ; ಗಿಟಾರ್‌ನ ಮರದ ಒಡಲು ಯಾವುದನ್ನು ಹೆಚ್ಚು ಹೊರಸೂಸುತ್ತದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.) 440 ಹರ್ಟ್ಸ್ −14, 660 ಹರ್ಟ್ಸ್ −19. ನಡುವಿನ 550 ಮಾತ್ರ −42. ನಾಲ್ಕನೆಯದಕ್ಕಿಂತ 28 ಡೆಸಿಬೆಲ್ ಕೆಳಗೆ ಎಂದರೆ ಸೂತ್ರದ ಪ್ರಕಾರ ಗುರುತಿನಿಂದ ಒಂದು ಮಿ.ಮೀ. ಆಸುಪಾಸು.

ಇಷ್ಟಕ್ಕೇ ನಂಬುವಂತಿಲ್ಲ. ಗಿಟಾರ್‌ನ ಒಡಲೋ ಕೋಣೆಯೋ 550ನ್ನು ನುಂಗುತ್ತಿದ್ದರೂ ಚಿತ್ರ ಹೀಗೇ ಬರುತ್ತಿತ್ತು. ಮೈಕನ್ನೂ ಗಿಟಾರನ್ನೂ ಕದಲಿಸದೆ ತಾಮ್ರದ ಕುಣಿಕೆಯನ್ನು 162.5 ಮಿ.ಮೀ.ಗೆ, ಅಂದರೆ ನಾಲ್ಕರಲ್ಲೊಂದು ಭಾಗಕ್ಕೆ ಸರಿಸಿದೆ. 550 ಕೂಡಲೇ −17ಕ್ಕೆ ಎದ್ದು ನಿಂತಿತು. ಅಲ್ಲಿಗೆ ಒಡಲು, ಕೋಣೆ ಎರಡರ ಮೇಲಿನ ಅನುಮಾನವೂ ಹೋಯಿತು. ಆದರೆ ಈಗ ಮಾಯವಾಗಬೇಕಿದ್ದ 440 ಮಾಯವಾಗಲಿಲ್ಲ, −24ರಲ್ಲೇ ಉಳಿಯಿತು.

ಇದರ ಹಿಂದೆ ಪಕ್ಕದ ತಂತಿ ಇತ್ತು. ಡಿ ತಂತಿಯ ಫ್ರೀಕ್ವೆನ್ಸಿ 146.83 ಹರ್ಟ್ಸ್, ಅದರ ಮೂರರಷ್ಟು 440.5. ತಾಮ್ರ ತುಂಡಾದಾಗಿನ ಅದುರುವಿಕೆ ಬ್ರಿಡ್ಜ್ ಮೂಲಕ ಎಲ್ಲ ತಂತಿಗಳಿಗೂ ಹೋಗುತ್ತದೆ, ಡಿ ತಂತಿ ತನ್ನಷ್ಟಕ್ಕೆ ಸಣ್ಣಗೆ ನುಡಿಯುತ್ತಿರುತ್ತದೆ. ಎ ತಂತಿಯ 440ನ್ನೂ ಡಿ ತಂತಿಯ 440.5ನ್ನೂ ಈ ರೋಹಿತ ಬೇರ್ಪಡಿಸಲಾರದು, ಅರ್ಧ ಹರ್ಟ್ಸ್ ಎನ್ನುವುದು ಒಂದು ಮನೆಗಿಂತಲೂ ಕಡಿಮೆ. ಸ್ಯಾಂಪಲ್‌ಗಳ ಕೊನೆಗೆ ಸೊನ್ನೆಗಳನ್ನು ಸೇರಿಸಿ ಎಫ್‌ಎಫ್‌ಟಿ ದೊಡ್ಡದು ಮಾಡಿದರೆ ಗೆರೆ ನುಣುಪಾಗುತ್ತದೆಯೇ ಹೊರತು ಎರಡು ಶಿಖರ ಬೇರೆಯಾಗುವುದಿಲ್ಲ. ಇಲ್ಲಿ ಲೆಕ್ಕಕ್ಕಿಂತ ಸ್ಪಂಜೇ ಉಪಯೋಗಕ್ಕೆ ಬಂತು. ಉಳಿದ ಐದು ತಂತಿಗಳ ಕೆಳಗೆ ಸ್ಪಂಜಿನ ತುಂಡು ಸಿಕ್ಕಿಸಿ ಮತ್ತೆ ರೆಕಾರ್ಡ್ ಮಾಡಿದಾಗ 440 −39ಕ್ಕೆ ಕುಸಿಯಿತು. 550ರಲ್ಲಿ ಈ ತೊಂದರೆ ಕಾಣದಿದ್ದದ್ದೇಕೆ ಎಂಬುದೂ ಆಗ ತಿಳಿಯಿತು: ಉಳಿದ ಯಾವ ತೆರೆದ ತಂತಿಯ ಹಾರ್ಮೋನಿಕ್ಕೂ 550ರ ಹತ್ತಿರ ಬೀಳುವುದಿಲ್ಲ.

130 ಮಿ.ಮೀ.ನ ರೆಕಾರ್ಡಿಂಗ್‌ನಲ್ಲಿ ಹತ್ತನೇ ಹಾರ್ಮೋನಿಕ್ಕೂ ಇರಬಾರದು. 1.49 ಸೆಕೆಂಡಿನ ತುಣುಕಿನಲ್ಲಿ 1100 ಕಾಣುವುದಿಲ್ಲ ನಿಜ, ಆದರೆ 990 ಮತ್ತು 1210 ಕೂಡ ಗದ್ದಲದಲ್ಲಿ ಮುಳುಗಿವೆ. ಮೇಲಿನ ಹಾರ್ಮೋನಿಕ್‌ಗಳು ಬೇಗ ಕ್ಷೀಣಿಸುತ್ತವೆ, ಮೇಲಾಗಿ ಹ್ಯಾನ್ ವಿಂಡೋ ತುಣುಕಿನ ಆರಂಭವನ್ನೇ ಅದುಮುತ್ತದೆ. ಅಕ್ಕಪಕ್ಕದವು ಇದ್ದು ನಡುವಿನದು ಇಲ್ಲದಿದ್ದರೆ ಮಾತ್ರ ಅದನ್ನು ಮೀಟಿನ ಗುರುತು ಎನ್ನಬಹುದು. ತುಣುಕನ್ನು 16384 ಸ್ಯಾಂಪಲ್‌ಗೆ ಇಳಿಸಿದೆ. ಮನೆಯ ಅಗಲ 2.7 ಹರ್ಟ್ಸ್ ಆದರೂ 110 ಹರ್ಟ್ಸ್ ಅಂತರದ ಶಿಖರಗಳಿಗೆ ಅದು ಧಾರಾಳವಾಗಿ ಸಾಕು. ಈಗ 990 ಮತ್ತು 1210 ಸ್ಪಷ್ಟವಾಗಿ ಎದ್ದಿವೆ, 1100ರಲ್ಲಿ ಗದ್ದಲದ ನೆಲವಷ್ಟೇ ಇದೆ. ಮುಂದಿನ ಗುರುತನ್ನು ಏಳರಲ್ಲೊಂದು ಭಾಗಕ್ಕೆ, 92.9 ಮಿ.ಮೀ.ಗೆ ಹಾಕಿಟ್ಟಿದ್ದೇನೆ, ಅಲ್ಲಿ 770 ಹೋಗಬೇಕು.